ಹಾಲಿನ ಕ್ಯಾಲೆಂಡರ್ ಹೇಳಿದ ಸಂದುನೋವಿನ ಲೆಕ್ಕ

‘ಜ್ವರ ಬಿಟ್ಟು ಇಪ್ಪತ್ತು ದಿನ ಆಯ್ತು ಕಣಪ್ಪ. ಇನ್ನೂ ಹಸುವಿನ ಕೆಚ್ಚಲಿಗೆ ಕೈ ಹಾಕೋಕೆ ಆಗ್ತಿಲ್ಲ’ ಎಂದು ಊರಿನಿಂದ ಅತ್ತಿಗೆ ಫೋನು ಮಾಡಿದರು. ವಯಸ್ಸು ಐವತ್ತೆರಡು, ಮನೆಯಲ್ಲಿ ಎರಡು ಹಸು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ, ಹಿಮ್ಮಡಿ ನೆಲಕ್ಕೆ ತಾಗಿಸಿದರೆ ಜೀವ ಹೋದಂತಾಗುತ್ತದೆ, ಮಣಿಕಟ್ಟು ಊದಿ ಬಳೆ ಬಿಗಿಯಾಗಿದೆ. ರಕ್ತಪರೀಕ್ಷೆಯಲ್ಲಿ ಬಂದದ್ದು ಚಿಕುನ್‌ಗುನ್ಯಾ.

‘ಅತ್ತಿಗೆ, ಜ್ವರ ಶುರುವಾಗಿದ್ದು ಯಾವತ್ತು?’ ಎಂದೆ. ಅವರು ಗೋಡೆಯ ಕ್ಯಾಲೆಂಡರ್ ಹತ್ತಿರ ಹೋದರು. ಡೇರಿಗೆ ಹಾಕಿದ ಹಾಲಿನ ಲೆಕ್ಕ ಬರೆಯುವುದು ಅದರ ಮೇಲೇ. ಲೀಟರು ಬರೆಯದೆ ಖಾಲಿ ಬಿಟ್ಟ ಮೊದಲ ಮನೆಯೇ ಜ್ವರದ ಮೊದಲ ದಿನ. ಅಲ್ಲಿಂದ ಎಣಿಸಿದರೆ ಇಪ್ಪತ್ತನಾಲ್ಕು. ನಾನು ಮೊದಲು ಕೇಳುವುದು ಈ ಸಂಖ್ಯೆಯನ್ನೇ. ಚಿಕುನ್‌ಗುನ್ಯಾದ ನೋವು ಮೊದಲ ವಾರ, ಎರಡನೇ ತಿಂಗಳು, ಐದನೇ ತಿಂಗಳು ಒಂದೇ ಥರ ಕಂಡರೂ ಮದ್ದು ಒಂದೇ ಅಲ್ಲ.

ಈ ಕಾಯಿಲೆಯ ಹೆಸರಲ್ಲೇ ಸಂದುನೋವಿದೆ. 1952–53ರಲ್ಲಿ ಈಗಿನ ಟಾಂಜಾನಿಯಾದಲ್ಲಿ ಇದನ್ನು ಗುರುತಿಸಿದಾಗ, ಅಲ್ಲಿನ ಮಾಕೊಂಡೆ ಜನ ತಮ್ಮ ನುಡಿಯಲ್ಲಿ ‘ಬಗ್ಗಿಸಿಬಿಡುವಂಥದ್ದು’ ಎಂದು ಕರೆದರು. ನಮಗೆ ಅದರ ಅರ್ಥ ತಿಳಿದದ್ದು 2006ರಲ್ಲಿ. ಆ ವರ್ಷ ದೇಶದಲ್ಲಿ ವರದಿಯಾದ ಸುಮಾರು 14 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದವೇ.

ಅತ್ತಿಗೆಯ ಕತೆಗೆ ಬರೋಣ. ಜ್ವರದ ಮೂರನೇ ದಿನ ಪಕ್ಕದೂರಿನ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್ ಆಯಿತು. ಮಾರನೇ ಬೆಳಿಗ್ಗೆ ಎದ್ದು ಕೊಟ್ಟಿಗೆ ಗುಡಿಸಿದರಂತೆ. ನಾಲ್ಕು ದಿನ ಕಳೆದ ಮೇಲೆ ನೋವು ಮೊದಲಿಗಿಂತ ಜೋರಾಗಿ ಮರಳಿತು. ಮತ್ತೆ ಇಂಜೆಕ್ಷನ್, ಮತ್ತೆ ಮೂರು ದಿನ ಸುಖ. ಔಷಧಿಯ ಹೆಸರನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಹೀಗೆ ಒಂದೇ ರಾತ್ರಿಯಲ್ಲಿ ಊತ ಇಳಿಸಿ, ಬಿಟ್ಟೊಡನೆ ಎರಡರಷ್ಟು ಮಾಡುವುದು ಬಹುಮಟ್ಟಿಗೆ ಸ್ಟೆರಾಯ್ಡಿನ ನಡತೆ. ವೈರಸ್ಸು ಇನ್ನೂ ರಕ್ತದಲ್ಲಿರುವ ಮೊದಲ ದಿನಗಳಲ್ಲಿ ಅದನ್ನು ಕೊಡಬಾರದು.

ಮೊದಲ ಮೂರು ವಾರಕ್ಕೆ ಇರುವ ಮದ್ದು ಪ್ಯಾರಾಸಿಟಮಾಲ್. ದೊಡ್ಡವರಿಗೆ 650 ಮಿಲಿಗ್ರಾಂ ಮಾತ್ರೆ, ಆರು ಗಂಟೆಯ ಅಂತರದಲ್ಲಿ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. ನೆಗಡಿಯ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ಎರಡನ್ನೂ ನುಂಗಿದರೆ ಲೆಕ್ಕ ತಪ್ಪಿ ಯಕೃತ್ತಿಗೆ ಪೆಟ್ಟು. ಕುಡಿಯುವವರೂ ಯಕೃತ್ತಿನ ತೊಂದರೆ ಇರುವವರೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಈ ಹಂತದಲ್ಲಿ ಬೇಡ. ಚಿಕುನ್‌ಗುನ್ಯಾ ತರುವ ಸೊಳ್ಳೆಯೇ ಡೆಂಗಿಯನ್ನೂ ಹರಡುತ್ತದೆ, ಶುರುವಿನಲ್ಲಿ ಎರಡೂ ಜ್ವರ ಒಂದೇ ಥರ. ಡೆಂಗಿ ಇದ್ದವರಿಗೆ ಈ ಮಾತ್ರೆಗಳು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಡೆಂಗಿ ಇಲ್ಲವೆಂದು ಖಚಿತವಾಗುವವರೆಗೆ ಕಾಯಲೇಬೇಕು.

ಅತ್ತಿಗೆ ಫೋನು ಮಾಡಿದ್ದು ಎರಡನೇ ಹಂತದಲ್ಲಿ, ಅಂದರೆ ಮೂರು ವಾರದಿಂದ ಮೂರು ತಿಂಗಳವರೆಗಿನ ಅವಧಿಯಲ್ಲಿ. ಇಲ್ಲಿ ಡೆಂಗಿಯ ಭಯ ಮುಗಿದಿರುತ್ತದೆ, ಆದ್ದರಿಂದ ಊತ ಇಳಿಸುವ ನೋವುನಿವಾರಕಗಳಿಗೆ ಜಾಗವಿದೆ. ಆದರೆ ಅತ್ತಿಗೆಗೆ ಬಿ.ಪಿ. ಇದೆ. ಈ ಮಾತ್ರೆಗಳು ಬಿ.ಪಿ. ಏರಿಸುತ್ತವೆ, ಮೂತ್ರಪಿಂಡಕ್ಕೂ ಜಠರಕ್ಕೂ ಭಾರ. ಮೊದಲು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿದೆ. ಸರಿಯಿತ್ತು. ಆಮೇಲೆ ನ್ಯಾಪ್ರೊಕ್ಸೆನ್, ಊಟದ ನಂತರ, ಹೊಟ್ಟೆ ಕಾಯುವ ಮಾತ್ರೆಯ ಜೊತೆ, ಹತ್ತು ದಿನಕ್ಕೆ ಮಾತ್ರ. ವಾರಕ್ಕೆರಡು ಸಲ ಬಿ.ಪಿ. ನೋಡಿಸುವುದು. ಇಂಥ ಎರಡು ನೋವುನಿವಾರಕಗಳನ್ನು ಒಟ್ಟಿಗೆ ನುಂಗುವಂತಿಲ್ಲ. ಹೊಟ್ಟೆಹುಣ್ಣು, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ಇದು ಹೊಂದದಿರಬಹುದು. ಊತ ತೀರಾ ಹೆಚ್ಚಿದ್ದರೆ ಈ ಹಂತದಲ್ಲಿ ವೈದ್ಯರು ಸ್ಟೆರಾಯ್ಡನ್ನೂ ಕೊಡುವುದುಂಟು. ಅದು ಕಡಿಮೆ ಪ್ರಮಾಣ, ಕೆಲವೇ ವಾರ, ಇಳಿಸುತ್ತ ನಿಲ್ಲಿಸುವ ಕ್ರಮ. ಹೆಸರಿಲ್ಲದ ಇಂಜೆಕ್ಷನ್ ಅಲ್ಲ.

ಇನ್ನು ವ್ಯಾಯಾಮ. ಅತ್ತಿಗೆಗೆ ಯಾರೋ ಮೆತ್ತನೆಯ ಚೆಂಡು ಕೊಟ್ಟು ಹಿಸುಕಲು ಹೇಳಿದ್ದರು. ಊದಿದ ಕೈಗೆ ಅದು ಸಲ್ಲದು. ಚಿಕುನ್‌ಗುನ್ಯಾದಲ್ಲಿ ಸಂದಿನ ಜೊತೆಗೆ ಬೆರಳು ಎಳೆಯುವ ಸ್ನಾಯುರಜ್ಜುಗಳ ಕವಚವೂ ಊದಿರುತ್ತದೆ, ಹಿಸುಕಿದಷ್ಟೂ ಕೆರಳುತ್ತದೆ. ಬೇಕಾಗಿರುವುದು ಬಲವಿಲ್ಲದ ಚಲನೆ. ಹಾಸಿಗೆ ಬಿಡುವ ಮುಂಚೆ ಪಾದವನ್ನು ಮೇಲೆ ಕೆಳಗೆ, ಆಮೇಲೆ ಸುತ್ತ ತಿರುಗಿಸುವುದು. ಕೈಯನ್ನು ಬಿಚ್ಚಿ, ಆದಷ್ಟು ಮಾತ್ರ ಮುಷ್ಟಿ ಕಟ್ಟುವುದು. ಹೆಬ್ಬೆರಳಿನಿಂದ ಒಂದೊಂದೇ ಬೆರಳ ತುದಿ ಮುಟ್ಟುವುದು. ಮಣಿಕಟ್ಟು ಬಗ್ಗಿಸಿ ಎತ್ತುವುದು. ಒಂದೊಂದೂ ಐದರಿಂದ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಅತಿಯಾಯಿತೇ ಎಂದು ತಿಳಿಯಲು ಒಂದು ಅಳತೆಯಿದೆ. ಮಾಡಿ ಎರಡು ಗಂಟೆ ಕಳೆದ ಮೇಲೂ ನೋವು ಮೊದಲಿಗಿಂತ ಹೆಚ್ಚಿದ್ದರೆ, ಮುಂದಿನ ಸಲ ಅರ್ಧಕ್ಕೆ ಇಳಿಸಬೇಕು. ಬಿಸಿಯಾಗಿ ಊದಿದ ಸಂದಿಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಹತ್ತು ಹದಿನೈದು ನಿಮಿಷ. ಬಿಸಿನೀರಿನ ಶಾಖ ಊತ ಇಳಿದು ಬಿಗಿತ ಮಾತ್ರ ಉಳಿದ ಮೇಲೆ.

ಹಾಲು ಕರೆಯುವುದನ್ನು ಆರು ವಾರ ಅಣ್ಣನಿಗೆ ಒಪ್ಪಿಸಲು ಹೇಳಿದೆ. ಹೆಬ್ಬೆರಳು ಮಡಚಿ ಮೊಲೆತೊಟ್ಟು ಎಳೆಯುವ ಕೆಲಸ ಚೆಂಡು ಹಿಸುಕುವುದಕ್ಕಿಂತ ಗಟ್ಟಿ. ಅತ್ತಿಗೆಗೆ ಮಾತ್ರೆಗಿಂತ ಕಹಿಯಾದದ್ದು ಈ ಮಾತು.

ಎಷ್ಟು ದಿನ ಇರುತ್ತದೆ? ಹೆಚ್ಚಿನವರಿಗೆ ಕೆಲವೇ ವಾರ. ಮೂರು ತಿಂಗಳು ದಾಟುವವರೂ ಕಡಿಮೆಯಿಲ್ಲ. ಅಧ್ಯಯನದಿಂದ ಅಧ್ಯಯನಕ್ಕೆ ಲೆಕ್ಕ ಬೇರೆಯಾದರೂ ಸುಮಾರು ಮೂವರಲ್ಲಿ ಒಬ್ಬರು ಎನ್ನಬಹುದು. ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ನಲವತ್ತೈದು ದಾಟಿದವರು, ಹೆಂಗಸರು, ಮೊದಲೇ ಸಂಧಿವಾತ ಇದ್ದವರು ಇದರಲ್ಲಿ ಹೆಚ್ಚು. ನೋವು ಒಂದೇ ಸಮ ಇಳಿಯುವುದಿಲ್ಲ. ಎರಡು ವಾರ ಹಗುರ, ಮತ್ತೆ ಒಂದು ವಾರ ಬಿಗಿ. ಹಾಗೆ ಮರಳಿದಾಗ ಮತ್ತೆ ಸೋಂಕಾಯಿತೆಂದು ಜನ ಪುನಃ ರಕ್ತ ಕೊಡುತ್ತಾರೆ. ಐಜಿಎಂ ಪರೀಕ್ಷೆ ತಿಂಗಳುಗಟ್ಟಲೆ ಪಾಸಿಟಿವ್ ಬರಬಹುದು, ವೈರಸ್ಸು ಇನ್ನೂ ಇದೆ ಎಂದು ಅದರರ್ಥವಲ್ಲ.

ಮೂರು ತಿಂಗಳ ಮೇಲೂ ಸಂದು ಊದಿದ್ದರೆ, ಬೆಳಗಿನ ಬಿಗಿತ ಒಂದು ಗಂಟೆ ಮೀರಿದರೆ ಸಂಧಿರೋಗ ತಜ್ಞರ ಬಳಿ ಹೋಗಬೇಕು. ರುಮಟಾಯ್ಡ್ ಸಂಧಿವಾತವೇ ಎಂದು ನೋಡಿ, ಬೇಕಾದರೆ ಮೆಥೊಟ್ರೆಕ್ಸೇಟ್ ಶುರುಮಾಡುತ್ತಾರೆ. ಅದು ವಾರಕ್ಕೊಮ್ಮೆ ನುಂಗುವ ಮಾತ್ರೆ. ದಿನಾ ನುಂಗಿದರೆ ಪ್ರಾಣಕ್ಕೆ ಅಪಾಯ. ಬೆರಳಲ್ಲಿ ಉರಿ, ಜುಮುಜುಮು ಇದ್ದರೆ ಅದು ನರದ ನೋವು, ಅದಕ್ಕೆ ಬೇರೆಯೇ ಮಾತ್ರೆ.

ಅತ್ತಿಗೆಗೆ ಈಗ ಐದನೇ ತಿಂಗಳು. ಮುಷ್ಟಿ ಪೂರ್ತಿ ಕಟ್ಟುತ್ತದೆ, ಒಂದು ಹಸುವನ್ನು ತಾವೇ ಕರೆಯುತ್ತಾರೆ, ಇನ್ನೊಂದು ಅಣ್ಣನದು. ಚಳಿಯ ಬೆಳಿಗ್ಗೆ ಹಿಮ್ಮಡಿ ಇನ್ನೂ ನೋಯುತ್ತದೆ. ನಿಮ್ಮ ಮನೆಯಲ್ಲೂ ಈ ಜ್ವರ ಬಂದರೆ ಮೊದಲ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಯಾರೇ ಇಂಜೆಕ್ಷನ್ ಹಿಡಿದು ಬರಲಿ, ಆ ತಾರೀಖು ಹೇಳಿ, ಔಷಧಿಯ ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಬರೆಯಲು ಒಪ್ಪದಿದ್ದರೆ ತೋಳು ಕೊಡಬೇಡಿ.