‘14 ಪಟ್ಟು ಅಪಾಯ’: ಅಂಕಿಯ ಹಿಂದಿರುವ ಅಧ್ಯಯನ ಯಾವುದು?

ಇಂತಹ ಅಭ್ಯಾಸವುಳ್ಳವರಿಗೆ ಇಂತಹ ರೋಗದ ಅಪಾಯ ಇಷ್ಟು ಪಟ್ಟು ಹೆಚ್ಚು ಎಂಬ ವರದಿಗಳು ಪ್ರಕಟವಾಗುತ್ತಲೇ ಇರುತ್ತವೆ. ಆ ‘ಪಟ್ಟು’ ಎಲ್ಲ ಅಧ್ಯಯನಗಳಲ್ಲೂ ಒಂದೇ ಅರ್ಥ ಕೊಡುವುದಿಲ್ಲ. ಧೂಮಪಾನ ಕುರಿತು ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಕೈಗೊಂಡ ಎರಡು ಅಧ್ಯಯನಗಳು ಈ ವ್ಯತ್ಯಾಸಕ್ಕೆ ನಿದರ್ಶನ.

1950ರಲ್ಲಿ ಪ್ರಕಟವಾದ ಮೊದಲ ಅಧ್ಯಯನದಲ್ಲಿ ಶ್ವಾಸಕೋಶ ಕ್ಯಾನ್ಸರಿನ 649 ಪುರುಷ ರೋಗಿಗಳನ್ನೂ ಬೇರೆ ಕಾಯಿಲೆಗಳ ಅಷ್ಟೇ ಪುರುಷ ರೋಗಿಗಳನ್ನೂ ಆರಿಸಿ, ಹಿಂದಿನ ಧೂಮಪಾನದ ಬಗ್ಗೆ ಪ್ರಶ್ನಿಸಲಾಯಿತು. ರೋಗದ ಆಧಾರದ ಮೇಲೆ ಆಯ್ಕೆ ನಡೆದ ಕಾರಣ ಇದು ಕೇಸ್-ಕಂಟ್ರೋಲ್ ಅಧ್ಯಯನ. ಕ್ಯಾನ್ಸರ್ ರೋಗಿಗಳಲ್ಲಿ 647 ಮಂದಿ ಧೂಮಪಾನಿಗಳು, ಇಬ್ಬರು ಅಲ್ಲ. ಇತರರಲ್ಲಿ 622 ಮಂದಿ ಧೂಮಪಾನಿಗಳು, 27 ಮಂದಿ ಅಲ್ಲ.

ಒಟ್ಟು 1,269 ಧೂಮಪಾನಿಗಳಲ್ಲಿ 647 ಮಂದಿಗೆ, ಅಂದರೆ ಶೇ 51ರಷ್ಟು ಜನರಿಗೆ ಕ್ಯಾನ್ಸರ್ ಬಂತು ಎನ್ನಬಹುದೇ? ಖಂಡಿತ ಇಲ್ಲ. ರೋಗಿಗಳೆಷ್ಟು, ಇತರರೆಷ್ಟು ಎಂಬುದನ್ನು ನಿರ್ಧರಿಸಿದವರೇ ಸಂಶೋಧಕರು. ಅವರು ಇತರರನ್ನು ಇದೇ ಪ್ರಮಾಣದಲ್ಲಿ ಎರಡರಷ್ಟು ಆರಿಸಿದ್ದರೆ, ಆ ಶೇ 51 ಎಂಬುದು ಶೇ 34ಕ್ಕೆ ಇಳಿಯುತ್ತಿತ್ತು.

ಆದ್ದರಿಂದ ಇಲ್ಲಿ ಆಡ್ಸ್ ರೇಷಿಯೊ ಎಂಬ ಅಳತೆ ಬಳಸಬೇಕು. ಕ್ಯಾನ್ಸರ್ ರೋಗಿಗಳ ಗುಂಪಿನಲ್ಲಿ ಒಬ್ಬ ಧೂಮಪಾನ ಮಾಡದವನಿಗೆ ಸುಮಾರು 323 ಧೂಮಪಾನಿಗಳಿದ್ದರೆ, ಇತರರ ಗುಂಪಿನಲ್ಲಿ 23 ಮಂದಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ದೊರೆಯುವುದು 14. ಇತರರ ಸಂಖ್ಯೆಯನ್ನು ಇಮ್ಮಡಿಗೊಳಿಸಿದರೂ ಈ ಅಂಕಿ ಬದಲಾಗದು. ರೋಗ ವಿರಳವಾಗಿದ್ದಾಗ ಇದನ್ನು ‘ಅಪಾಯ ಸುಮಾರು 14 ಪಟ್ಟು’ ಎಂದು ಓದಬಹುದು. ರೋಗ ಸಾಮಾನ್ಯವಾಗಿದ್ದರೆ ಹಾಗೆ ಓದುವುದು ಉತ್ಪ್ರೇಕ್ಷೆಯಾಗುತ್ತದೆ.

ಎರಡನೆಯ ಅಧ್ಯಯನ ಆರಂಭವಾದದ್ದು 1951ರಲ್ಲಿ. ಬ್ರಿಟನ್ನಿನ ವೈದ್ಯರಿಗೆ ಪ್ರಶ್ನಾವಳಿ ಕಳುಹಿಸಿ, ಉತ್ತರಿಸಿದ ಸುಮಾರು 40 ಸಾವಿರ ಮಂದಿಯನ್ನು ಧೂಮಪಾನದ ಪ್ರಕಾರ ವಿಂಗಡಿಸಿ, ಮುಂದೆ ಯಾರು ಯಾವ ಕಾಯಿಲೆಯಿಂದ ಸತ್ತರೆಂದು ದಾಖಲಿಸಲಾಯಿತು. ಅಭ್ಯಾಸದಿಂದ ರೋಗದೆಡೆಗೆ ಸಾಗುವ ಇದು ಕೋಹಾರ್ಟ್ ಅಧ್ಯಯನ. ಶ್ವಾಸಕೋಶ ಕ್ಯಾನ್ಸರಿನಿಂದ ವರ್ಷಕ್ಕೆ ಸಾವಿರಕ್ಕೆ ಸತ್ತವರ ಪ್ರಮಾಣ ಧೂಮಪಾನ ಮಾಡದವರಲ್ಲಿ 0.07, ದಿನಕ್ಕೆ 25 ಅಥವಾ ಹೆಚ್ಚು ಸಿಗರೇಟು ಸೇದುವವರಲ್ಲಿ 2.27. ಇಲ್ಲಿ ದರವೇ ಕೈಯಲ್ಲಿರುವುದರಿಂದ ನೇರ ಅನುಪಾತ ತೆಗೆಯಬಹುದು: ಸುಮಾರು 32 ಪಟ್ಟು. ಸಾವಿರಕ್ಕೆ 2.2 ಹೆಚ್ಚುವರಿ ಸಾವು ಎಂಬ ಲೆಕ್ಕವೂ ಸಿಗುತ್ತದೆ. ಮೊದಲ ಅಧ್ಯಯನದ ದತ್ತಾಂಶ ಮಾತ್ರದಿಂದ ಇದು ಅಸಾಧ್ಯ.

ಹಳೆಯ ದಾಖಲೆ ಬಳಸಿದ್ದೆಲ್ಲ ಕೇಸ್-ಕಂಟ್ರೋಲ್ ಎಂದು ಭಾವಿಸುವುದು ಸಾಮಾನ್ಯ ತಪ್ಪು. ಕಾರ್ಖಾನೆಯೊಂದರ 1980ರ ಹಾಜರಿ ಪುಸ್ತಕದಿಂದ ಧೂಳಿನಲ್ಲಿ ದುಡಿದವರನ್ನೂ ದುಡಿಯದವರನ್ನೂ ಗುರುತಿಸಿ, ಅನಂತರ ಯಾರಿಗೆ ರೋಗ ಬಂತೆಂದು ಇಂದು ಪರಿಶೀಲಿಸಿದರೂ ಅದು ಕೋಹಾರ್ಟ್ ಅಧ್ಯಯನವೇ. ಮಾಹಿತಿ ಎಷ್ಟು ಹಳೆಯದು ಎಂಬುದು ಮುಖ್ಯವಲ್ಲ. ಜನರನ್ನು ಗುಂಪು ಮಾಡಿದ್ದು ರೋಗ ನೋಡಿಯೋ, ಅಭ್ಯಾಸ ನೋಡಿಯೋ ಎಂಬುದೇ ನಿರ್ಣಾಯಕ.