ಮೋಡದ ದಿನವೂ ಸೌರಫಲಕವೂ

ಮಾಳಿಗೆಯ ಮೇಲೆ ಸೌರಫಲಕವನ್ನು ಹಾಕಿಸಿದವರಲ್ಲಿ ಕೆಲವರು ಆಷಾಢದ ಮೋಡ ಕವಿದೊಡನೆ ‘ಇದು ಬೇಸಿಗೆಯ ಯಂತ್ರ, ಮಳೆಗಾಲದಲ್ಲಿ ನಿಷ್ಪ್ರಯೋಜಕ’ ಎಂದು ದೂರುವುದುಂಟು. ಈ ದೂರು ನ್ಯಾಯವಾದುದಲ್ಲವೆಂದು ನನ್ನ ಅಭಿಪ್ರಾಯ. ದೋಷವಿರುವುದು ಫಲಕದಲ್ಲಲ್ಲ, ಅದನ್ನು ಕೊಳ್ಳುವಾಗ ಹಾಕುವ ಲೆಕ್ಕದಲ್ಲಿ. ಇದು ಮನದಟ್ಟಾಗಬೇಕಾದರೆ ಬೆಳಕು ವಿದ್ಯುತ್ತಾಗುವ ಬಗೆಯನ್ನು ಮೊದಲು ತಿಳಿಯಬೇಕು.

ಫಲಕವು ಬಿಸಿಲಿನ ಶಾಖದಿಂದ ನಡೆಯುವುದೆಂಬ ನಂಬಿಕೆ ತಪ್ಪು. ಅದನ್ನು ನಡೆಸುವುದು ಬೆಳಕು. ಬೆಳಕು ಫೋಟಾನ್‌ಗಳೆಂಬ ಶಕ್ತಿಯ ಕಣಗಳಾಗಿ ಬಂದು ಬೀಳುತ್ತದೆ. ಸಿಲಿಕಾನಿನಲ್ಲಿ ಪರಮಾಣುಗಳ ಬಂಧಕ್ಕೆ ಸಿಕ್ಕಿರುವ ಎಲೆಕ್ಟ್ರಾನೊಂದನ್ನು ಬಿಡಿಸಲು ಸುಮಾರು 1.1 ಎಲೆಕ್ಟ್ರಾನ್ ವೋಲ್ಟಿನಷ್ಟು ಶಕ್ತಿ ಬೇಕು. ಕಣ್ಣಿಗೆ ಕಾಣುವ ಬೆಳಕಿನ ಪ್ರತಿಯೊಂದು ಫೋಟಾನಿನಲ್ಲಿಯೂ ಇದಕ್ಕಿಂತ ಹೆಚ್ಚಿನ ಶಕ್ತಿಯಿದೆ. ಹೀಗೆ ಬಿಡುಗಡೆಯಾದ ಎಲೆಕ್ಟ್ರಾನು ಮತ್ತೆ ತನ್ನ ಸ್ಥಾನಕ್ಕೆ ಮರಳಿದರೆ ನಮಗೇನೂ ಲಾಭವಿಲ್ಲ. ಆದುದರಿಂದ ಸಿಲಿಕಾನಿನ ಒಂದು ಪದರದಲ್ಲಿ ರಂಜಕವನ್ನೂ ಇನ್ನೊಂದರಲ್ಲಿ ಬೋರಾನನ್ನೂ ಅತ್ಯಲ್ಪವಾಗಿ ಬೆರೆಸಿರುತ್ತಾರೆ. ಈ ಎರಡು ಪದರಗಳು ಕೂಡುವೆಡೆಯಲ್ಲಿ ಒಂದು ವಿದ್ಯುತ್ ಕ್ಷೇತ್ರವು ತಾನಾಗಿಯೇ ಏರ್ಪಡುತ್ತದೆ. ಅದು ಎಲೆಕ್ಟ್ರಾನುಗಳನ್ನು ಒಂದೇ ಕಡೆಗೆ ತಳ್ಳುತ್ತದೆ. ಹೊರಗಿನಿಂದ ತಂತಿಯನ್ನು ಜೋಡಿಸಿದರೆ ಅವು ಅದರ ಮೂಲಕ ಸುತ್ತಿ ಬರುತ್ತವೆ, ಇದೇ ವಿದ್ಯುತ್ಪ್ರವಾಹ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 1954ರಲ್ಲಿ ತೋರಿಸಿದ ಸಿಲಿಕಾನ್ ಕೋಶವು ಬಿದ್ದ ಬೆಳಕಿನ ಶೇಕಡ 6ರಷ್ಟನ್ನು ವಿದ್ಯುತ್ತಾಗಿಸಿತು. ಇಂದು ಮಾರುಕಟ್ಟೆಯಲ್ಲಿ ದೊರೆಯುವ ಫಲಕಗಳಲ್ಲಿ ಇದು ಶೇಕಡ 20ನ್ನು ದಾಟಿದೆ.

ಮೋಡವೆಂದರೆ ಅಸಂಖ್ಯಾತ ನೀರಿನ ಹನಿಗಳ ರಾಶಿ. ಅವು ಬೆಳಕನ್ನು ಚದರಿಸಿ ಬಹುಪಾಲನ್ನು ಮೇಲಕ್ಕೇ ಹಿಂದಿರುಗಿಸುತ್ತವೆ. ಉಳಿದುದು ಆಕಾಶದ ಎಲ್ಲ ದಿಕ್ಕುಗಳಿಂದಲೂ ನೆರಳಿಲ್ಲದ ಮಂದಪ್ರಕಾಶವಾಗಿ ಇಳಿದು ಬರುತ್ತದೆ. ಈ ಬೆಳಕಿನಲ್ಲಿಯೂ ಒಂದೊಂದು ಫೋಟಾನು ಮೊದಲಿನಷ್ಟೇ ಸಮರ್ಥವಾಗಿದೆ. ಕಡಮೆಯಾದುದು ಫೋಟಾನುಗಳ ಸಂಖ್ಯೆ ಮಾತ್ರ. ಬಿಡುಗಡೆಯಾಗುವ ಎಲೆಕ್ಟ್ರಾನುಗಳೂ ಅದೇ ಪ್ರಮಾಣದಲ್ಲಿ ಕಡಮೆಯಾಗುತ್ತವೆ. ಆದ್ದರಿಂದ ಇಳಿಯುವುದು ಮುಖ್ಯವಾಗಿ ಪ್ರವಾಹ. ವೋಲ್ಟೇಜು ಅಲ್ಪವಾಗಿ ಮಾತ್ರ ಇಳಿಯುತ್ತದೆ.

60 ಕೋಶಗಳ ಫಲಕವೊಂದನ್ನು ತೆಗೆದುಕೊಳ್ಳೋಣ. ಅದರ ಮೇಲೆ 310 ವ್ಯಾಟ್ ಎಂದು ಬರೆದಿದೆ. ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬಿದ್ದು, ಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದಾಗ ಅದು 31 ವೋಲ್ಟಿನಲ್ಲಿ 10 ಆಂಪಿಯರ್ ಕೊಡುವುದೆಂದು ಇದರ ಅರ್ಥ. ದಟ್ಟ ಮೋಡವು ಬೆಳಕನ್ನು 200 ವ್ಯಾಟಿಗೆ ಇಳಿಸಿತೆನ್ನಿ. ಪ್ರವಾಹವು 2 ಆಂಪಿಯರಿಗೆ ಇಳಿಯುತ್ತದೆ. ವೋಲ್ಟೇಜು ಸುಮಾರು 29ರಲ್ಲಿ ನಿಲ್ಲುತ್ತದೆ. ದೊರೆಯುವುದು 58 ವ್ಯಾಟ್, ಎಂದರೆ ಐದನೆಯ ಒಂದು ಪಾಲಿಗಿಂತ ಸ್ವಲ್ಪ ಕಡಮೆ. ಬೆಳಕು ಐದರಲ್ಲೊಂದಾದಾಗ ಹೆಚ್ಚುಕಡಮೆ ಐದರಲ್ಲೊಂದು ಪಾಲು ವಿದ್ಯುತ್ತನ್ನು ಕೊಡುವ ಫಲಕವು ತನ್ನ ಕರ್ತವ್ಯವನ್ನು ಲೋಪವಿಲ್ಲದೆ ನಡೆಸಿದಂತೆಯೇ ಅಲ್ಲವೆ?

ನಿಜವಾದ ದೋಷವನ್ನು ಗುರುತಿಸುವ ಬಗೆ ಬೇರೆ. ಮೋಡವು ಎಲ್ಲ ಕೋಶಗಳನ್ನೂ ಸಮನಾಗಿ ಮಂಕಾಗಿಸುವುದರಿಂದ ಪಕ್ಕದ ಮನೆಯ ಫಲಕವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಆದರೆ ಕೋಶಗಳು ಒಂದರ ಹಿಂದೊಂದು ಸಾಲಾಗಿ ಜೋಡಣೆಗೊಂಡಿರುವ ಕಾರಣ, ಒಂದು ತೇಗದೆಲೆ ಒಂದೇ ಕೋಶವನ್ನು ಮುಚ್ಚಿದರೂ ಆ ಸಾಲಿನ ಪ್ರವಾಹಕ್ಕೆಲ್ಲ ತಡೆಯುಂಟಾಗುತ್ತದೆ. ಬಿಸಿಲು ಚೆನ್ನಾಗಿರುವಾಗಲೂ ಒಂದು ಫಲಕ ಮಾತ್ರ ಹಿಂದುಳಿದರೆ ನೆರಳು, ಧೂಳು ಅಥವಾ ಸಡಿಲವಾದ ಜೋಡಣೆಯನ್ನು ಹುಡುಕತಕ್ಕದ್ದು.

ಈಗ ಲೆಕ್ಕದ ಮಾತಿಗೆ ಬರೋಣ. ನಿರ್ಮಲವಾದ ದಿನದ ಬೆಳಕೆಲ್ಲವೂ 5 ಗಂಟೆಗಳ ಪೂರ್ಣ ಬಿಸಿಲಿಗೆ ಸಮನೆಂದರೆ, ಆ ಫಲಕವು ಸುಮಾರು ಒಂದೂವರೆ ಯೂನಿಟ್ ಕೊಡಬಲ್ಲದು. ದಟ್ಟ ಮೋಡದ ದಿನ ಒಂದು ಗಂಟೆಯ ಬಿಸಿಲಿಗೆ ಸಮನಾದರೆ ದೊರೆಯುವುದು 0.3 ಯೂನಿಟ್ ಮಾತ್ರ. 10 ವ್ಯಾಟಿನ ನಾಲ್ಕು ದೀಪಗಳು 5 ಗಂಟೆ ಉರಿಯಲು 0.2 ಯೂನಿಟ್ ಬೇಕು. ಬ್ಯಾಟರಿಯಲ್ಲಾಗುವ ನಷ್ಟವನ್ನು ಕಳೆದರೂ ಇಷ್ಟು ದೊರೆಯುತ್ತದೆ. ಇದರೊಡನೆ 60 ವ್ಯಾಟಿನ ಫ್ಯಾನನ್ನೂ 5 ಗಂಟೆ ತಿರುಗಿಸಹೊರಟರೆ ಇನ್ನೂ 0.3 ಯೂನಿಟ್ ಬೇಕಾಗಿ, ರಾತ್ರಿ ಕತ್ತಲಾಗುವುದು ಖಂಡಿತ.

ಸರಬರಾಜಿನ ತಂತಿಗೆ ಜೋಡಿಸಿದ ಮನೆಗಳಲ್ಲಿ ಈ ಕೊರತೆಯನ್ನು ತಂತಿಯೇ ತುಂಬುತ್ತದೆ. ಅಲ್ಲಿ ನೋಡಬೇಕಾದುದು ವರ್ಷದ ಒಟ್ಟು ಯೂನಿಟ್. ಆದರೆ ತಂತಿ ತಲಪದ ಮಲೆನಾಡಿನ ಒಂಟಿಮನೆಗೆ ಆ ಆಸರೆಯಿಲ್ಲ. ಅಲ್ಲಿ ಫಲಕದ ಮೇಲಿನ 310 ಎಂಬ ಅಂಕೆಯನ್ನು ನೋಡಿ ಕೊಳ್ಳುವುದು, ಶ್ರಾವಣದ ಹೊಳೆಯನ್ನು ನೋಡಿ ಬೇಸಿಗೆಯ ಬೆಳೆಯನ್ನು ನಿಶ್ಚಯಿಸಿದಂತೆ. ಮಾರುವವರು ಆ ಊರಿನ ಅತ್ಯಂತ ಮಂಕಾದ ತಿಂಗಳಿನಲ್ಲಿ ದಿನಕ್ಕೆ ಎಷ್ಟು ಯೂನಿಟ್ ದೊರೆಯುವುದೆಂಬುದನ್ನು ಬರೆದುಕೊಡಬೇಕು. ಕೊಳ್ಳುವವರು ಅದನ್ನು ಕೇಳಿ ಪಡೆಯಬೇಕು.