ಪಜಲ್ ಬಿಡ್ರಿ ಅನ್ನುವವರಿಗೆ ಒಂದು ಮಾತು

ಗ್ರಾಮೀಣ ಬ್ಯಾಂಕ್ ಪರೀಕ್ಷೆಗೆ ಓದಲು ಭಾಲ್ಕಿ, ಔರಾದ್‌ನಿಂದ ಬೀದರ್‌ಗೆ ಬರುವ ಹುಡುಗರಿಗೆ ಸಿಗುವ ಸಲಹೆ ಇದು: "ಮಹಡಿ ಪಜಲ್ ಬಿಡ್ರಿ, ಹಳ್ಳಿ ಮಕ್ಕಳಿಗೆ ಅದು ಆಗೋದಲ್ಲ." ಈ ಸಲಹೆ ತಪ್ಪು. ಒಂದು ಪಜಲ್‌ಗೆ ಸಾಮಾನ್ಯವಾಗಿ ನಾಲ್ಕೈದು ಪ್ರಶ್ನೆ ಇರುತ್ತವೆ. ಬಿಟ್ಟರೆ ಅಷ್ಟೂ ಅಂಕ ಹೋದಂತೆ.

ಮಹಡಿ ಮನೆ ನೋಡಿಲ್ಲ ಅನ್ನುವುದು ನೆಪ. ಬೀದರ್‌ನ ಗವಾನ್ ಮದರಸಾ 1472ರಿಂದ ಮೂರು ಅಂತಸ್ತಿನಲ್ಲೇ ನಿಂತಿದೆ. ತೊಡಕಿರುವುದು ಮಾತಿನಲ್ಲಿ. ನಾವು ನೆಲದ ಮೇಲಿನ ಅಂತಸ್ತಿಗೆ "ಒಂದನೇ ಮಹಡಿ" ಅಂತೇವೆ. ಪಜಲ್‌ನಲ್ಲಿ ಸಾಮಾನ್ಯವಾಗಿ ನೆಲದ್ದೇ 1.

ಒಂದು ಲೆಕ್ಕ ಬಿಡಿಸೋಣ. ಐದು ಮಹಡಿ, ಕೆಳಗಿನದು 1. ಮಹಡಿಗೊಬ್ಬರಂತೆ ಬಸವ, ರೇಣುಕಾ, ಸಲೀಂ, ಗೀತಾ, ಈರಣ್ಣ ಇದ್ದಾರೆ. ಸುಳಿವು ಹೀಗಿವೆ: ಈರಣ್ಣ ಗೀತಾಗಿಂತ ಮೇಲೆ. ಬಸವ ಸಮ ಸಂಖ್ಯೆಯ ಮಹಡಿಯಲ್ಲಿ. ಬಸವ, ರೇಣುಕಾ ನಡುವೆ ಇಬ್ಬರು. ರೇಣುಕಾಳ ಸರಿಯಾಗಿ ಮೇಲಿನ ಮಹಡಿಯಲ್ಲಿ ಸಲೀಂ.

"ಮೊದಲ ಸುಳಿವಿನಿಂದಲೇ ಶುರು ಮಾಡ್ರಿ" ಎಂದು ಕಲಿಸುವವರೂ ಇದ್ದಾರೆ. ಆದರೆ ಈರಣ್ಣ-ಗೀತಾರನ್ನು ಹತ್ತು ರೀತಿ ಕೂಡಿಸಬಹುದು. ಬಸವನಿಗೆ ಇರುವುದು ಎರಡೇ ಜಾಗ, 2 ಅಥವಾ 4. ಅಲ್ಲಿಂದ ಶುರು ಮಾಡಿ, ಎರಡು ಕಂಬ ಎಳೆಯಿರಿ.

ನಡುವೆ ಇಬ್ಬರು ಅಂದರೆ ಮಹಡಿ ಸಂಖ್ಯೆಯಲ್ಲಿ ಮೂರರ ಅಂತರ. ಬಸವ 2ರಲ್ಲಿದ್ದರೆ ರೇಣುಕಾ 5ರಲ್ಲಿ. ಆಗ ಸಲೀಂಗೆ ಮೇಲೆ ಮಹಡಿಯೇ ಇಲ್ಲ, ಈ ಕಂಬ ಹೊಡೆದುಹಾಕಿ. ಬಸವ 4ರಲ್ಲಿದ್ದರೆ ರೇಣುಕಾ 1ರಲ್ಲಿ, ಸಲೀಂ 2ರಲ್ಲಿ. ಉಳಿದದ್ದು 3 ಮತ್ತು 5. ಈಗ ಬಿಟ್ಟಿದ್ದ ಮೊದಲ ಸುಳಿವು ಕೆಲಸಕ್ಕೆ ಬಂತು: ಗೀತಾ 3, ಈರಣ್ಣ 5. ಮುಗೀತು.

"ನಡುವೆ ಇಬ್ಬರು" ಅನ್ನುವುದನ್ನು ಎರಡರ ಅಂತರ ಅಂತ ಓದಿದರೆ ಏನಾಗುತ್ತದೆ? ಬಸವ 2, ರೇಣುಕಾ 4, ಸಲೀಂ 5 ಕೂಡುತ್ತದೆ. ಬಸವ 4, ರೇಣುಕಾ 2, ಸಲೀಂ 3 ಸಹ ಕೂಡುತ್ತದೆ. ಎಲ್ಲ ಸುಳಿವು ಮುಗಿದರೂ ಎರಡೂ ಕಂಬ ಉಳಿದವು ಅಂದರೆ ಎಲ್ಲೋ ಮಾತು ತಪ್ಪಾಗಿ ಓದಿದ್ದೀರಿ ಅಂತಲೇ ಲೆಕ್ಕ. ಉತ್ತರ ಒತ್ತುವ ಮೊದಲು "ನಡುವೆ" ಮತ್ತು "ಸರಿಯಾಗಿ ಮೇಲೆ" ಇರುವ ಸಾಲು ಮತ್ತೊಮ್ಮೆ ಓದಿ. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ ಇದೆ.

ಬಿಡಬೇಕಾದ ಪಜಲ್ ಇಲ್ಲ ಅಂತಲ್ಲ. ಯಾವ ಸುಳಿವಿನಿಂದ ಶುರು ಮಾಡಿದರೂ ನಾಲ್ಕೈದು ಕಂಬ ಎಳೆಯಬೇಕಾದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅದನ್ನು ಪಜಲ್ ನೋಡಿ ನಿರ್ಧರಿಸಬೇಕು, ಹುಡುಗ ಯಾವ ಊರಿನವ ಅಂತ ನೋಡಿ ಅಲ್ಲ. ಫೀಸು ತಗೊಂಡವರು "ಬಿಡ್ರಿ" ಅಂದರೆ, ಈ ಐದು ಮಹಡಿಯನ್ನು ಬೋರ್ಡ್ ಮೇಲೆ ಬಿಡಿಸಿ ತೋರಿಸಿ ಅಂತ ಕೇಳಿ.